ಬೀಸುವ ಕಲ್ಲಿನ ಹಾಡು: ಕೈಯ ಲಯ, ಒಳಗಿನ ಅಳಲು

ಕೇಳುಗರಿಗೆ ನಮಸ್ಕಾರ. ಇವತ್ತು ಒಂದೇ ಒಂದು ತ್ರಿಪದಿಯನ್ನು ಹಿಡಿದುಕೊಂಡು ಮಾತಾಡುತ್ತೇನೆ. ಉತ್ತರ ಕರ್ನಾಟಕದ ಕಡೆಯ ಹಾಡು ಇದು. ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತದೆ.

ಬ್ಯಾಸಗಿ ದಿವಸಕ ಬೇವಿನ ಮರ ತಂಪ
ಭೀಮರತಿಯೆಂಬ ಹೊಳಿ ತಂಪ, ಹಡೆದವ್ವ
ನೀ ತಂಪ ನನ್ನ ತವರೀಗೆ

ಪುಸ್ತಕದಲ್ಲಿ ಓದಿದರೆ ತಾಯಿಯನ್ನು ಹೊಗಳುವ ಚೆಂದದ ಹಾಡು, ಅಷ್ಟೇ ಅನಿಸುತ್ತದೆ. ಬೇವಿನ ನೆರಳು, ಭೀಮಾ ನದಿ, ತಾಯಿ. ಮೂರೂ ತಂಪು. ಆದರೆ ಇದು ಕೂತು ಓದಲು ಹುಟ್ಟಿದ ಹಾಡಲ್ಲ. ಬೆಳಗಿನ ಜಾವ ಕಲ್ಲಿನ ಮುಂದೆ ಕೂತು, ಕಾಳು ಹಾಕುತ್ತಾ, ಗೂಟ ಹಿಡಿದು ತಿರುಗಿಸುತ್ತಾ ಹೇಳಿದ ಹಾಡು. ಕಲ್ಲನ್ನು ಬಿಟ್ಟು ಹಾಡನ್ನು ಮಾತ್ರ ತೆಗೆದುಕೊಂಡರೆ ಅರ್ಧ ಅರ್ಥ ಅಲ್ಲೇ ಉಳಿದುಬಿಡುತ್ತದೆ.

ಬೀಸುವ ಕಲ್ಲು ಹೇಗಿರುತ್ತದೆ ಅಂತ ಈಗಿನ ಮಕ್ಕಳಿಗಾಗಿ ಹೇಳುತ್ತೇನೆ. ಎರಡು ದುಂಡನೆಯ ಕಲ್ಲು, ಒಂದರ ಮೇಲೊಂದು. ಕೆಳಗಿನದು ಅಲುಗಾಡುವುದಿಲ್ಲ. ಮೇಲಿನದರ ನಡುವೆ ಒಂದು ತೂತು, ಅಂಚಿನ ಹತ್ತಿರ ಕಟ್ಟಿಗೆಯ ಗೂಟ. ಒಂದು ಕೈ ಗೂಟದ ಮೇಲೆ. ಇನ್ನೊಂದು ಕೈ ಆಗಾಗ ಒಂದು ಹಿಡಿ ಜೋಳವನ್ನೋ ರಾಗಿಯನ್ನೋ ಆ ತೂತಿಗೆ ಸುರಿಯುತ್ತದೆ. ಹಿಟ್ಟು ಸುತ್ತಲೂ ಉದುರುತ್ತದೆ. ಕಾಳು ಜಾಸ್ತಿ ಬಿದ್ದರೆ ಹಿಟ್ಟು ನುಚ್ಚಾಗುತ್ತದೆ. ಕಾಳು ಬೀಳುವುದು ತಡವಾದರೆ ಕಲ್ಲಿಗೆ ಕಲ್ಲು ಉಜ್ಜುತ್ತದೆ. ಹಾಗಾಗಿ ಕೈಗೆ ಒಂದು ಹದ ಬೇಕು. ಒಂದು ಮನೆಗೆ ಆ ದಿನದ ರೊಟ್ಟಿಗೆ ಬೇಕಾದಷ್ಟು ಹಿಟ್ಟು ಆಗುವವರೆಗೂ ಆ ಹದ ತಪ್ಪಬಾರದು. ಆ ಹದವನ್ನು ಕಾಯುವುದು ಹಾಡು.

ತ್ರಿಪದಿಗೆ ಮೂರು ಸಾಲು, ಹನ್ನೊಂದು ಗಣ. ಗಣ ಅಂದರೆ ಸಾಲಿನೊಳಗಿನ ಲಯದ ಒಂದು ತುಂಡು. ಮೊದಲ ಎರಡು ಸಾಲಿಗೆ ನಾಲ್ಕು ನಾಲ್ಕು, ಕೊನೆಯದಕ್ಕೆ ಮೂರು. ಇದು ಹಳೆಯ ಅಳತೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೂ ಇದೇ ತ್ರಿಪದಿ ಇದೆ. ಹಾಡುವಾಗ ಮಾತ್ರ ಮೂರು ಸಾಲು ನಾಲ್ಕಾಗುತ್ತದೆ. ಎರಡನೆಯ ಸಾಲನ್ನು ಎರಡು ಸಲ ಹೇಳುತ್ತಾರೆ. ಮೊದಲ ಸಲ "ಭೀಮರತಿಯೆಂಬ ಹೊಳಿ ತಂಪ" ಅಂತ ನಿಲ್ಲಿಸುತ್ತಾರೆ. ಎರಡನೆಯ ಸಲ ಅದೇ ಮಾತು ಹೇಳಿ, ಕೊನೆಗೆ "ಹಡೆದವ್ವ" ಸೇರಿಸುತ್ತಾರೆ.

ಈ ಮರುಕಳಿಕೆ ದುಡಿಯುವ ಮೈಗೆ ಬೇಕಾದದ್ದು ಅಂತ ನನ್ನ ಎಣಿಕೆ. ಹೊಸ ಮಾತು ಹುಡುಕುವ ಕೆಲಸ ಇಲ್ಲ, ಉಸಿರು ತೆಗೆದುಕೊಳ್ಳಬಹುದು, ಕಾಳಿನ ಕಡೆ ಕೈ ಚಾಚಬಹುದು. ಅದೇ ಹೊತ್ತಿನಲ್ಲಿ ಹಾಡಿನೊಳಗೆ ಇನ್ನೊಂದು ನಡೆಯುತ್ತದೆ. ಮರ, ಹೊಳೆ, ಮತ್ತೆ ಹೊಳೆ ಅಂತ ಸುತ್ತಾಡಿ ಬಂದ ಮೇಲೆ, ಇಲ್ಲಿಯವರೆಗೆ ತಡೆದಿಟ್ಟಿದ್ದ "ಹಡೆದವ್ವ" ಬಾಯಿಗೆ ಬರುತ್ತದೆ. ಅವಳು ತಾಯಿಯನ್ನು ಕರೆಯುವ ಮೊದಲು ಎರಡು ಸಲ ನದಿಯ ಹೆಸರು ಹೇಳಿದ್ದಾಳೆ ನೋಡಿ.

ಇನ್ನು ಕೊನೆಯ ಸಾಲು. ತ್ರಿಪದಿಯ ಹನ್ನೊಂದು ಗಣಗಳಲ್ಲಿ ಆರನೆಯದು ಮತ್ತು ಹತ್ತನೆಯದು ಉಳಿದವಕ್ಕಿಂತ ಚಿಕ್ಕವು. ಈ ಹಾಡಿನಲ್ಲಿ ಹತ್ತನೆಯ ಗಣ ಯಾವುದು? "ನೀ ತಂಪ" ಆಯಿತು, ಆಮೇಲೆ "ನನ್ನ", ಆಮೇಲೆ "ತವರೀಗೆ". ಗಣ ಚಿಕ್ಕದಾಯಿತೆಂದು ಕಲ್ಲು ಬೇಗ ತಿರುಗುವುದಿಲ್ಲ. ಆದ್ದರಿಂದ ಆ ಚಿಕ್ಕ ಪದವನ್ನು ಎಳೆದು ತುಂಬಿಸಬೇಕು. "ತವರಿಗೆ" ಎಂಬುದು "ತವರೀಗೆ" ಆಗಿರುವುದು ಕೂಡ ಇಂಥದೇ ಎಳೆತ. ಇಡೀ ಹಾಡಿನಲ್ಲಿ ಅವಳು ತನ್ನನ್ನು ತಾನು ಹೇಳಿಕೊಳ್ಳುವುದು ಆ ಒಂದೇ "ನನ್ನ" ಎಂಬಲ್ಲಿ. ಅಲ್ಲೇ ದನಿ ಎಳೆಯುತ್ತದೆ. ಎಳೆತದ ಜಾಗವನ್ನು ಛಂದಸ್ಸು ಕೊಟ್ಟಿತು, ನಿಜ. ಅಲ್ಲಿ ಯಾವ ಮಾತು ಇಡಬೇಕು ಅನ್ನುವುದು ಅವಳ ಕೈಯಲ್ಲೇ ಇತ್ತು.

ಈಗ ಅರ್ಥಕ್ಕೆ ಬನ್ನಿ. ಮೂರು ತಂಪು ಹೇಳಿದಳು. ಮೂರೂ ಎಲ್ಲಿವೆ? ಮರ ಹೊರಗೆ, ಹೊಳೆ ಊರಾಚೆ, ತಾಯಿ ತವರಿನಲ್ಲಿ. ಅವಳು ಕೂತ ಮನೆಯೊಳಗೆ ಒಂದೂ ಇಲ್ಲ. ಗಂಡನ ಮನೆ ಎಂಬ ಮಾತೇ ಹಾಡಿನಲ್ಲಿ ಬರುವುದಿಲ್ಲ. "ನೀ ತಂಪ ನನಗ" ಅಂತಲೂ ಹೇಳಲಿಲ್ಲ ಅವಳು. ತಾಯಿಯ ತಂಪು ತವರಿಗೆ. ಇಲ್ಲಿಗೆ ಅದು ಮುಟ್ಟುವುದಿಲ್ಲ. ಸುಮ್ನೆ ಹೊಗಳಿಕೆ ಅಂತ ಕಂಡದ್ದರ ಅಡಿಯಲ್ಲಿ ಎಷ್ಟು ಬಿಸಿ ಇದೆ!

ಯಾಕೆ ಹೀಗೆ ಮುಚ್ಚಿ ಹೇಳಬೇಕು? ಎದುರಿಗೆ ಯಾರು ಕೂತಿದ್ದಾರೆ ಅನ್ನುವುದನ್ನು ನೆನೆಸಿಕೊಳ್ಳಿ. ದೊಡ್ಡ ಕಲ್ಲಿಗೆ ಇಬ್ಬರು ಬೇಕು. ಸೊಸೆಯ ಎದುರು ಅತ್ತೆ ಇರಬಹುದು, ನಾದಿನಿ ಇರಬಹುದು. ಒಬ್ಬಳೇ ಬೀಸಿದರೂ ಗೋಡೆಯಾಚೆ ಮನೆಯವರು ಮಲಗಿದ್ದಾರೆ. ಅಲ್ಲಿ ದೂರನ್ನು ನೇರವಾಗಿ ಹಾಡಲು ಆಗುತ್ತದಾ? ತಾಯಿಯ ಗುಣವನ್ನು ಹಾಡಬಹುದು. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಇನ್ನೊಂದು ಹಾಡು ಇದೆಯಲ್ಲ, ತವರೂರ ದಾರಿಯಲ್ಲಿ ಕಲ್ಲಿಲ್ಲ, ಮುಳ್ಳಿಲ್ಲ, ಸಾಸಿವೆಯಷ್ಟು ಮರಳಿಲ್ಲ, ಬಿಸಿಲಿನ ಬೇಗೆ ಸುಡಲಿಲ್ಲ ಅಂತ. ಅಂಥ ದಾರಿ ಯಾವ ಊರಿಗೂ ಇರಲಿಕ್ಕಿಲ್ಲ. ಇಲ್ಲ, ಇಲ್ಲ ಅನ್ನುತ್ತಲೇ ಕಲ್ಲು, ಮುಳ್ಳು, ಮರಳು, ಬೇಗೆ ಎಲ್ಲವನ್ನೂ ಅವಳು ಹೆಸರಿಟ್ಟು ಹೇಳಿಬಿಟ್ಟಳು. ಕಾಲು ಸುಟ್ಟುಕೊಂಡವರಿಗೇ ಆ ಪಟ್ಟಿ ಇಷ್ಟು ಚೆನ್ನಾಗಿ ಗೊತ್ತಿರುವುದು.

ಗದ್ದೆಯಲ್ಲಿ ಲೆಕ್ಕ ಬೇರೆ. ತುಳುನಾಡಿನಲ್ಲಿ ಹೆಂಗಸರು ನೇಜಿ ನೆಡುವಾಗ ಪಾಡ್ದನ ಹೇಳುತ್ತಾರೆ. ಬೆನ್ನು ಬಗ್ಗಿಸಿ ಹಿಂದೆ ಹಿಂದೆ ಹೋಗುವ ದಿನವಿಡೀ ಕೆಲಸ. ಒಬ್ಬಳು ಸಾಲು ಎತ್ತಿಕೊಟ್ಟರೆ ಉಳಿದವರು ಅದನ್ನೇ ಹೇಳುತ್ತಾರೆ. ಅಲ್ಲಿ ಹಾಡು ಉದ್ದ, ಅದರೊಳಗೆ ಕಥೆ ಇರುತ್ತದೆ. ಗಂಡನ ಮನೆ ಬಿಟ್ಟು ಮಗುವಿನೊಂದಿಗೆ ಹೊರಟ ಸಿರಿಯ ಕಥೆಯನ್ನು ಬಯಲಿನಲ್ಲಿ ಹತ್ತಾರು ಜನ ದನಿ ಎತ್ತಿ ಹೇಳಬಹುದು, ಯಾಕೆಂದರೆ ಅದು ಸಿರಿಯ ಕಥೆ. ಮನೆಯೊಳಗಿನ ಕಲ್ಲಿನ ಮುಂದೆ ಆ ಧೈರ್ಯಕ್ಕೆ ಜಾಗ ಕಡಿಮೆ.

ಒಂದು ಎಚ್ಚರಿಕೆ ಹೇಳಲೇಬೇಕು. ಎಲ್ಲ ಹಾಡಿನಲ್ಲೂ ಅಳು ಹುಡುಕಬಾರದು. "ಕಲ್ಲು ಕೊಟ್ಟವ್ವಗ ಎಲ್ಲ ಭಾಗ್ಯವು ಬರಲಿ" ಎಂಬ ಹಾಡು ಬೇರೆಯವರ ಮನೆಯ ಕಲ್ಲಿನಲ್ಲಿ ಬೀಸಿಕೊಂಡವಳ ಹರಕೆ. ಅಲ್ಲಿ ಪ್ರೀತಿ ಇದೆ, ಮರ್ಯಾದೆ ಇದೆ. ಅದನ್ನು ಹಾಗೇ ಕೇಳಬೇಕು. ಗುರುತು ಹಿಡಿಯಲು ನಾನು ನೋಡುವುದು ಹಾಡುಗಳ ಸಾಲನ್ನು. ಯಾವುದರ ನಂತರ ಯಾವುದು ಬಂತು? ದೇವರನ್ನು ನೆನೆದು, ಕಲ್ಲನ್ನು ಹೊಗಳಿ, ಅಣ್ಣತಮ್ಮಂದಿರನ್ನು ಹರಸಿ, ಆಮೇಲೆ ತಾಯಿಯ ಹಾಡಿಗೆ ಬಂದು ಅಲ್ಲೇ ನಾಲ್ಕೈದು ತ್ರಿಪದಿ ಸುತ್ತಿದಳು ಅಂದರೆ ಏನೋ ಇದೆ. ಅಚ್ಚಾದ ಸಂಗ್ರಹಗಳಲ್ಲಿ ಇದು ಸಿಗುವುದು ಕಷ್ಟ. ತವರಿನ ಹಾಡೆಲ್ಲ ಒಂದು ಕಡೆ, ದೇವರ ಹಾಡೆಲ್ಲ ಒಂದು ಕಡೆ ಅಂತ ವಿಂಗಡಿಸಿಬಿಟ್ಟರೆ ಒಬ್ಬಳ ಒಂದು ಬೆಳಗಿನ ಸಾಲು ಚೆದುರಿಹೋಗುತ್ತದೆ.

ನಿಮ್ಮ ಮನೆಯಲ್ಲಿ ಈ ಹಾಡು ಬಲ್ಲ ಅಜ್ಜಿ ಇದ್ದರೆ, ಕುರ್ಚಿಯಲ್ಲಿ ಕೂರಿಸಿ ಫೋನ್ ಮುಂದೆ ಹಿಡಿದು "ಹಾಡಜ್ಜಿ" ಅನ್ನಬೇಡಿ. ಕೈ ಸುಮ್ಮನಿದ್ದರೆ ಹಾಡು ನೆನಪಾಗದೇ ಇರಬಹುದು. ಹಳೆಯ ಕಲ್ಲು ಇದ್ದರೆ ತೊಳೆದು ಮುಂದಿಡಿ, ಎರಡು ಹಿಡಿ ಕಾಳು ಕೊಡಿ, ಎದುರಿಗೆ ನೀವೇ ಕೂತು ಗೂಟ ಹಿಡಿಯಿರಿ. ಕಲ್ಲಿನ ಸದ್ದನ್ನೂ ಸೇರಿಸಿಯೇ ರೆಕಾರ್ಡ್ ಮಾಡಿ. ಅವರು ಹೇಳಿದ ಸಾಲಿನಲ್ಲೇ ಬರೆದುಕೊಳ್ಳಿ. ಹಾಡು ಮುಗಿದ ಮೇಲೆ ಒಂದು ಮಾತು ಕೇಳಿ: "ಅಜ್ಜಿ, ಆಗ ನಿನ್ನ ಎದುರಿಗೆ ಕೂತು ಬೀಸುತ್ತಿದ್ದವರು ಯಾರು?" ಅವರು ಹೇಳಿದ್ದನ್ನು ಹಾಡಿನ ಪಕ್ಕದಲ್ಲೇ ಬರೆದಿಡಿ. ನಮಸ್ಕಾರ.