ಸೀರೆ ಮಾರಿದ್ದು 1,050ಕ್ಕೆ, ಬ್ಯಾಂಕಿಗೆ ಬಂದದ್ದು 740

ಗೆಳೆಯರೇ, ನೀವೆಲ್ಲ ಆನ್‌ಲೈನ್‌ನಲ್ಲಿ ಮಾರುವವರೇ. ಹಾಗಾಗಿ ಲಿಸ್ಟಿಂಗ್, ಪ್ಯಾಕಿಂಗ್ ಎಲ್ಲ ಬಿಟ್ಟು ನೇರವಾಗಿ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಬ್ಯಾಂಕಿಗೆ ಬಿದ್ದ ಮೊತ್ತವನ್ನೇ ಆದಾಯ ಅಂದುಕೊಳ್ಳಬೇಡಿ. ಕಟ್ ಆದದ್ದರಲ್ಲಿ ಕೆಲವು ಹೋದ ದುಡ್ಡು, ಕೆಲವು ವಾಪಸ್ ಬರುವ ದುಡ್ಡು.

ಒಂದು ಹತ್ತಿ ಸೀರೆ ತಗೊಳ್ಳೋಣ. ಬೆಲೆ 1,000, ಜಿಎಸ್‌ಟಿ 5%, ಗಿರಾಕಿ ಕೊಟ್ಟದ್ದು 1,050. ಮಾರುವ ಆ್ಯಪ್‌ನ ಕಮಿಷನ್ 15% ಅಂತ ಇಟ್ಟುಕೊಳ್ಳಿ, 157.50. ಫಿಕ್ಸೆಡ್ ಫೀ 30, ಶಿಪ್ಪಿಂಗ್ 70. ಒಟ್ಟು 257.50. ಇದರ ಮೇಲೆ 18% ಜಿಎಸ್‌ಟಿ, 46.35. ಆಮೇಲೆ ನಿಮ್ಮ ಜಿಎಸ್‌ಟಿ ಲೆಕ್ಕಕ್ಕೆ ಆ್ಯಪ್‌ನವರು ಮೊದಲೇ ಹಿಡಿಯುವ ಟಿಸಿಎಸ್ 0.5%, ಅಂದರೆ 5 ರೂಪಾಯಿ. ಆದಾಯ ತೆರಿಗೆ ಲೆಕ್ಕಕ್ಕೆ ಹಿಡಿಯುವ ಟಿಡಿಎಸ್ 0.1%, ಸುಮಾರು 1 ರೂಪಾಯಿ. ಕೈಗೆ ಬರೋದು 740.15.

ಈಗ ನೋಡಿ. ನೀವು ರೆಗ್ಯುಲರ್ ಜಿಎಸ್‌ಟಿಯಲ್ಲಿದ್ದರೆ ಆ 46.35 ನಿಮಗೆ ಇನ್‌ಪುಟ್ ಕ್ರೆಡಿಟ್. ಕಟ್ಟಬೇಕಾದ 50ರಲ್ಲಿ ಅದನ್ನು ಕಳೆದರೆ ಉಳಿಯೋದು 3.65. ಅದಕ್ಕೂ ಟಿಸಿಎಸ್‌ನ 5 ರೂಪಾಯಿ ಸಾಕು. ಇದನ್ನು ಮರೆತವರು ಪೂರಾ 50 ರೂಪಾಯಿ ಜೇಬಿನಿಂದ ಕಟ್ಟುತ್ತಾರೆ. ತಿಂಗಳಿಗೆ 200 ಸೀರೆ ಹೋದರೆ 10,000 ರೂಪಾಯಿ, ಸುಮ್ನೆ ಅಲ್ವಾ?

ಟಿಸಿಎಸ್ ತಾನಾಗಿ ಬರೋದಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ `TDS and TCS credit received` ತೆರೆದು, ಒಪ್ಪಿ ಫೈಲ್ ಮಾಡಬೇಕು. ಆಗ ಕ್ಯಾಶ್ ಲೆಡ್ಜರ್‌ಗೆ ಬೀಳುತ್ತದೆ. ಇನ್‌ಪುಟ್ ಕ್ರೆಡಿಟ್‌ಗೆ, ಕಮಿಷನ್ ಇನ್‌ವಾಯ್ಸ್ ನಿಮ್ಮ ಕ್ರೆಡಿಟ್ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಬಂದಿದೆಯಾ ನೋಡಿ. ಟಿಡಿಎಸ್ ನಿಮ್ಮ ಆದಾಯ ತೆರಿಗೆ ಪಟ್ಟಿಯಾದ 26ಎಎಸ್‌ನಲ್ಲಿ ಸಿಗುತ್ತದೆ. ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆಯಾದ ಕಾಂಪೊಸಿಷನ್‌ನಲ್ಲಿದ್ದವರಿಗೆ ಮಾತ್ರ ಇನ್‌ಪುಟ್ ಕ್ರೆಡಿಟ್ ಇಲ್ಲ.

ಇನ್ನು ಶಿಪ್ಪಿಂಗ್. ಇದು ನಿಜವಾಗಿ ಹೋಗುವ ದುಡ್ಡು, ಆದರೆ ಕಡಿಮೆ ಮಾಡಿಕೊಳ್ಳಬಹುದು. ನನಗೆ ಪರಿಚಯದ ಹೆಣ್ಣುಮಗಳೊಬ್ಬರು ಇಳಕಲ್ ಸೀರೆ ಮಾರುತ್ತಾರೆ. ತೂಕ 600 ಗ್ರಾಂ. ಆದರೆ ಶಿಪ್ಪಿಂಗ್ 2 ಕೆಜಿ ಸ್ಲ್ಯಾಬ್‌ಗೆ ಕಟ್ ಆಗುತ್ತಿತ್ತು. "ಸರ್, ತಕ್ಕಡಿ ಸರಿ ಇಲ್ಲ" ಅಂತ ಅವರ ವಾದ. ತಕ್ಕಡಿಯ ಫೋಟೋ ಕೂಡ ಕಳಿಸಿದ್ದರು. ನಾನು ಡಬ್ಬದ ಅಳತೆ ಕೇಳಿದೆ. ಉದ್ದ 35 ಸೆಂ.ಮೀ., ಅಗಲ 25, ಎತ್ತರ 10. ಗುಣಿಸಿ 5,000ದಿಂದ ಭಾಗಿಸಿದರೆ 1.75 ಕೆಜಿ. ಕೊರಿಯರ್‌ನವರು ನಿಜವಾದ ತೂಕ, ಈ ಅಳತೆಯ ತೂಕ, ಎರಡರಲ್ಲಿ ಜಾಸ್ತಿ ಇದ್ದದ್ದನ್ನೇ ಹಿಡಿಯುತ್ತಾರೆ. ತಕ್ಕಡಿ ಸರಿಯೇ ಇತ್ತು, ಡಬ್ಬ ದೊಡ್ಡದಿತ್ತು! ಡಬ್ಬ ಬಿಟ್ಟು 30, 25, 4ರ ಕವರ್‌ಗೆ ಹಾಕಿದರು. ಅಳತೆಯ ತೂಕವೂ 600 ಗ್ರಾಂಗೇ ಇಳಿಯಿತು.

ಗಂಟೆ ನೋಡಿ ಅಂತ ಸಂಘಟಕರು ಸನ್ನೆ ಮಾಡುತ್ತಿದ್ದಾರೆ. ರಿಟರ್ನ್ ಬಗ್ಗೆ ಎರಡೇ ಮಾತು. ಸೀರೆ ವಾಪಸ್ ಬಂದರೆ ಕಮಿಷನ್ ಸಾಮಾನ್ಯವಾಗಿ ತಿರುಗಿ ಬರುತ್ತದೆ, ಆದರೆ ರಿಟರ್ನ್ ಶಿಪ್ಪಿಂಗ್ ನಿಮ್ಮ ತಲೆಗೇ ಬೀಳಬಹುದು. ಅದು ಮುಂದಿನ ವಾರದ ಪೇಮೆಂಟ್‌ನಲ್ಲಿ ಕಟ್ ಆಗುತ್ತದೆ. ಅದಕ್ಕೇ ಪೇಮೆಂಟ್ ಲೆಕ್ಕವನ್ನು ವಾರದ ಮೊತ್ತದಲ್ಲಿ ನೋಡಬೇಡಿ, ಸೆಟಲ್‌ಮೆಂಟ್ ರಿಪೋರ್ಟ್ ಇಳಿಸಿ ಆರ್ಡರ್ ನಂಬರ್ ಹಿಡಿದು ನೋಡಿ. ಪ್ರಶ್ನೆ ಇದ್ದವರು ಹೊರಗೆ ಚಹಾ ಕುಡಿಯುವಾಗ ರಿಪೋರ್ಟ್ ಸಮೇತ ಬನ್ನಿ, ಒಟ್ಟಿಗೆ ಕೂತು ನೋಡೋಣ.