ಬರಹ ಆಮೇಲೆ, ರಟ್ಟು ಮೊದಲು

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲೆ ಎರಡು ಫೋಟೊ ಹಾಕಿದ್ದೇನೆ. ಎರಡರಲ್ಲೂ ಒಬ್ಬಳೇ ಹುಡುಗಿ. ಅದೇ ಕನ್ನಡಕ, ಹೆಗಲಿಗೆ ಅದೇ ಚೀಲ. ಕೈಯಲ್ಲಿ ರಟ್ಟಿನ ಒಂದು ಫಲಕ. ಎಡಗಡೆ ಫೋಟೊದಲ್ಲಿ "ನಮ್ಮ ಶಾಲೆ ಮುಚ್ಚಿ" ಅಂತಿದೆ. ಬಲಗಡೆಯದರಲ್ಲಿ "ನಮ್ಮ ಶಾಲೆ ಮುಚ್ಚಬೇಡಿ".

ಇದು ನಿಜವಾದ ಪ್ರತಿಭಟನೆ ಅಲ್ಲ. ಫೋಟೊ ಪರಿಶೀಲನೆ ಕಲಿಯುವ ನಮ್ಮ ಸಣ್ಣ ಗುಂಪು ಅಭ್ಯಾಸಕ್ಕೆ ಅಂತ ಹೂಡಿದ್ದು. ಇಪ್ಪತ್ತು ಜನ ಫಲಕ ಹಿಡಿದು ನಿಂತರು, ಮೂವರು ಬೇರೆ ಬೇರೆ ಕಡೆಯಿಂದ ಫೋಟೊ ತೆಗೆದರು. ಗೆಳೆಯನೊಬ್ಬ ಅದರಲ್ಲಿ ಒಂದನ್ನು ತಿದ್ದಿ ನಮ್ಮ ಕೈಗೆ ಕೊಟ್ಟ. ಯಾವುದನ್ನು ತಿದ್ದಿದೆ ಅಂತ ಹೇಳಲಿಲ್ಲ.

ನೋಡಿದ ತಕ್ಷಣ ನೀವು ಬಲಗಡೆಯದೇ ಅಸಲಿ ಅಂದುಕೊಂಡಿರಿ, ಅಲ್ವಾ? ಶಾಲೆ ಮುಚ್ಚಿ ಅಂತ ಯಾರಾದರೂ ಬೀದಿಗೆ ಬರುತ್ತಾರಾ ಅಂತ. ಅಲ್ಲೇ ಮೊದಲ ತಪ್ಪು. ಮೆರವಣಿಗೆಗೆ ಜನ ಎಂತೆಂಥ ಫಲಕ ತರುತ್ತಾರೆ ಅಂತ ಒಂದು ದಿನ ಹೋಗಿ ನೋಡಿ. ವ್ಯಂಗ್ಯ ಮಾಡುತ್ತಾರೆ, ಬೈಯುತ್ತಾರೆ, ಅವಸರದಲ್ಲಿ ತಪ್ಪೂ ಬರೆಯುತ್ತಾರೆ. ಮಾತು ವಿಚಿತ್ರವಾಗಿದೆ ಅನ್ನುವುದು ತಿದ್ದಿದ್ದಕ್ಕೆ ಸಾಕ್ಷಿಯಲ್ಲ.

ನಮ್ಮ ಗೆಳೆಯನೂ ಹುಷಾರು. ಕೇಳಿದ ಕೂಡಲೇ, "ಎರಡೂ ನಿಜ. ಅವಳ ಹತ್ತಿರ ಎರಡು ಫಲಕ ಇತ್ತು," ಅಂದ. ಸುಳ್ಳು ಅಂತ ಒಂದೇ ಏಟಿಗೆ ತಳ್ಳಿಹಾಕುವ ಹಾಗಿಲ್ಲ. ಜನ ನಿಜವಾಗಿಯೂ ಎರಡೆರಡು ಫಲಕ ತರುತ್ತಾರೆ. ಒಂದೇ ರಟ್ಟಿನ ಎರಡೂ ಕಡೆ ಬರೆಯುತ್ತಾರೆ. ಕೈ ನೋವು ಬಂದರೆ ಪಕ್ಕದವರ ಫಲಕ ತಾವು ಹಿಡಿದು, ತಮ್ಮದನ್ನು ಅವರಿಗೆ ಕೊಡುತ್ತಾರೆ. ಹಾಗಾಗಿ ಅದೇ ಮನುಷ್ಯನ ಕೈಯಲ್ಲಿ ಇನ್ನೊಂದು ಫೋಟೊದಲ್ಲಿ ಬೇರೆ ಬರಹ ಸಿಕ್ಕರೆ, ಅಷ್ಟರಿಂದಲೇ ತಿದ್ದಿದ್ದಾರೆ ಅನ್ನುವಂತಿಲ್ಲ. ಎರಡರಲ್ಲೂ ಇರುವುದು ಒಂದೇ ಫಲಕ, ಒಂದೇ ಮಗ್ಗುಲು ಅಂತ ಮೊದಲು ತೋರಿಸಬೇಕು. ಅದಕ್ಕೇ ನಾನು ಹೇಳುವುದು: ಬರಹ ಆಮೇಲೆ ಓದಿ, ಮೊದಲು ರಟ್ಟು ನೋಡಿ.

ನೋಡೋಣ. ಎರಡೂ ಫೋಟೊಗಳಲ್ಲಿ ರಟ್ಟಿನ ಮೇಲಿನ ಎಡ ಮೂಲೆ ಮಡಚಿದೆ. ಕೆಳಗೆ ಕಂದು ಟೇಪಿನ ಒಂದು ತುಂಡು ಓರೆಯಾಗಿ ಅಂಟಿದೆ. ಇದು ಒಳ್ಳೆಯ ಗುರುತು. ಆದರೆ ಅದಕ್ಕಿಂತ ಗಟ್ಟಿ ಗುರುತು ಬರಹದಲ್ಲೇ ಇದೆ, ಅದೂ ಬದಲಾಗದೇ ಉಳಿದ ಭಾಗದಲ್ಲಿ. ಮೇಲಿನ ಸಾಲು ಎರಡರಲ್ಲೂ "ನಮ್ಮ ಶಾಲೆ". ಕೈಬರಹದ ಒಂದು ಗುಣ ಏನೆಂದರೆ, ಅದೇ ಕೈ ಅದೇ ಪದವನ್ನು ಹತ್ತು ಸಲ ಬರೆದರೂ ಹತ್ತೂ ಒಂದೇ ಥರ ಬರುವುದಿಲ್ಲ. ಒತ್ತಕ್ಷರ ಒಂದು ಸಲ ಕೆಳಗಿಳಿಯುತ್ತದೆ, ಒಂದು ಸಲ ಪಕ್ಕಕ್ಕೆ ಜಾರುತ್ತದೆ. ಹಾಗಾಗಿ ಎರಡು ಫೋಟೊಗಳ "ನಮ್ಮ ಶಾಲೆ" ಗೆರೆಗೆ ಗೆರೆ ಕೂತರೆ, ಅವು ಎರಡು ಫಲಕಗಳಲ್ಲ. ಮಗ್ಗುಲೂ ಎರಡಲ್ಲ.

ಆದರೆ ಫೋಟೊ ತೆಗೆದ ಕೋನ ಬೇರೆ ಬೇರೆ. ಒಂದರಲ್ಲಿ ಫಲಕ ನೇರವಾಗಿದೆ, ಇನ್ನೊಂದರಲ್ಲಿ ಬಲಕ್ಕೆ ವಾಲಿದೆ. ಹೇಗೆ ಕೂರಿಸೋದು? ಚಪ್ಪಟೆ ವಸ್ತುವಿಗೆ ಒಂದು ಅನುಕೂಲ ಇದೆ. ಅದರ ನಾಲ್ಕು ಮೂಲೆ ಗೊತ್ತಿದ್ದರೆ ಸಾಕು, ಒಂದು ಕೋನದ ಚಿತ್ರವನ್ನು ಎಳೆದು ಇನ್ನೊಂದು ಕೋನಕ್ಕೆ ತರಬಹುದು. ಗಿಂಪ್ ಅನ್ನುವ ಉಚಿತ ತಂತ್ರಾಂಶದಲ್ಲಿ ಎರಡು ಫೋಟೊಗಳನ್ನೂ ಒಂದರ ಮೇಲೊಂದು ಎರಡು ಲೇಯರ್ ಆಗಿ ತೆರೆಯಿರಿ. ಮೇಲಿನದರ ಫಲಕವನ್ನು Perspective ಸಾಧನದಿಂದ ಹಿಡಿದು, ನಾಲ್ಕೂ ಮೂಲೆಗಳನ್ನು ಕೆಳಗಿನ ಫಲಕದ ಮೂಲೆಗಳ ಮೇಲೆ ತಂದು ಕೂರಿಸಿ. ಆಮೇಲೆ ಮೇಲಿನ ಲೇಯರ್‌ನ ಮೋಡ್ Difference ಮಾಡಿ. ಎರಡೂ ಒಂದೇ ಆಗಿರುವ ಕಡೆ ಕಪ್ಪಾಗುತ್ತದೆ, ಬೇರೆಯಾಗಿರುವ ಕಡೆ ಬೆಳ್ಳಗೆ ಎದ್ದು ಕಾಣುತ್ತದೆ. ಬೆಳಕು ಸ್ವಲ್ಪ ಬೇರೆ ಇರುವುದರಿಂದ ಪೂರ್ತಿ ಕಪ್ಪು ಬರುವುದಿಲ್ಲ, ಅಕ್ಷರದ ಅಂಚಿನಲ್ಲಿ ತೆಳು ಗೆರೆ ಉಳಿಯುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ರಟ್ಟು ಬಾಗಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ಗಾಳಿಗೆ ಹಾರುವ ಬಟ್ಟೆ ಬ್ಯಾನರಿಗಂತೂ ಇದು ಆಗುವುದೇ ಇಲ್ಲ. ಅಲ್ಲಿ ಅಕ್ಷರ ಎಷ್ಟಿವೆ, ಯಾವ ಅಕ್ಷರ ಹೊಲಿಗೆಯ ಪಕ್ಕ ಬಂದಿದೆ, ಮಡಿಕೆ ಬಿದ್ದ ಕಡೆ ಅಕ್ಷರವೂ ಮುರಿದಿದೆಯಾ ಅಂತ ಕಣ್ಣಲ್ಲೇ ನೋಡಬೇಕು.

ನಮ್ಮ ಫಲಕದಲ್ಲಿ "ನಮ್ಮ ಶಾಲೆ" ಕಪ್ಪಾಗಿ ಕರಗಿತು. ಕೆಳಗಿನ ಸಾಲಿನ "ಮು" ಕೂಡ ಕರಗಿತು. ಅಲ್ಲಿಂದ ಮುಂದೆ ಬೆಳ್ಳಗೆ ಎದ್ದಿತು. ಅಲ್ಲಿಗೆ ಎರಡು ಫಲಕದ ಕಥೆ ಮುಗಿಯಿತು. ಎರಡರಲ್ಲಿ ಒಂದನ್ನು ತಿದ್ದಿದ್ದಾರೆ.

ಈಗ ತುಂಬ ಹತ್ತಿರದಿಂದ ನೋಡೋಣ. "ಮುಚ್ಚಬೇಡಿ" ಹೋಗಿ "ಮುಚ್ಚಿ" ಆಗಬೇಕಾದರೆ "ಬೇಡಿ" ಅಳಿಸಿದರೆ ಸಾಲದು. "ಚ್ಚ"ದ ತಲೆಕಟ್ಟು ತೆಗೆದು ಗುಡಿಸು ಇಡಬೇಕು. ಆ ಗುಡಿಸನ್ನು ಎಲ್ಲಿಂದ ತರೋದು? ಅದೇ ಕೈಯ, ಅದೇ ಮಾರ್ಕರಿನ ಗುಡಿಸು ಪಕ್ಕದಲ್ಲೇ ಇದೆ, "ಡಿ"ಯಲ್ಲಿ. ಅದನ್ನೇ ಎತ್ತಿ ಇಡುವುದು ಸುಲಭ. ಬಲಗಡೆ ಫೋಟೊದಲ್ಲಿ "ಡಿ"ಯ ಗುಡಿಸನ್ನು ದೊಡ್ಡದು ಮಾಡಿದರೆ ನಡುವೆ ಒಂದು ಬಿಳಿ ಗೀರು ಕಾಣುತ್ತದೆ. ಮಾರ್ಕರ್ ಒಣಗಿದ್ದಾಗ ಬರುತ್ತದಲ್ಲ, ಅಂಥ ಗೀರು. ಎಡಗಡೆ ಫೋಟೊದಲ್ಲಿ "ಚ್ಚಿ"ಯ ಗುಡಿಸು ನೋಡಿ. ಅದೇ ಗೀರು, ಅದೇ ಜಾಗದಲ್ಲಿ.

ಸಿಕ್ಕಿಬಿದ್ದ ಅಂತ ನಾವೆಲ್ಲ ಕುಣಿದಾಡಿದೆವು. ಆಗ ಗುಂಪಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಅಲ್ಲಪ್ಪಾ, ಗುಡಿಸು ಡಿಯಿಂದ ಚ್ಚಿಗೆ ಬಂತು ಅಂತೀರಿ. ಚ್ಚಿಯಿಂದ ಡಿಗೆ ಯಾಕೆ ಹೋಗಿರಬಾರದು?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಎರಡು ಫೋಟೊಗಳ ಹೋಲಿಕೆಯ ಮಿತಿ ಇದೇ. ಒಂದನ್ನು ತಿದ್ದಿದ್ದಾರೆ ಅಂತ ಗೊತ್ತಾಗುತ್ತದೆ. ಯಾವುದನ್ನು ಅಂತ ಗೊತ್ತಾಗುವುದಿಲ್ಲ. ಎಡಗಡೆಯದರಲ್ಲಿ ಕೆಳಸಾಲಿನ ಬಲ ಅರ್ಧ ಖಾಲಿ ಇದೆ ಅನ್ನುವುದು ಅನುಮಾನ ಹುಟ್ಟಿಸುತ್ತದೆ. ಫಲಕ ಬರೆಯುವವರು ಸಾಮಾನ್ಯವಾಗಿ ಅಗಲ ತುಂಬಿಸುತ್ತಾರೆ, ಜಾಗ ಸಾಲದೆ ಕೊನೆಯ ಅಕ್ಷರ ಚಿಕ್ಕದಾಗುವುದೇ ಜಾಸ್ತಿ. ಆದರೂ ಅದು ಅನುಮಾನ ಅಷ್ಟೇ. ಮೂರನೇ ಸಾಕ್ಷಿ ಬೇಕು. ಆ ಸಾಕ್ಷಿ ಬೇರೆಯವರ ಕ್ಯಾಮೆರಾದಿಂದ ಬಂದಿರಬೇಕು. ಒಂದೇ ಫೋಟೊದ ಹತ್ತು ನಕಲು ಹತ್ತು ಸಾಕ್ಷಿ ಆಗುವುದಿಲ್ಲ.

ನಮಗೆ ಸಿಕ್ಕಿದ್ದು ಪಕ್ಕದಲ್ಲಿ ನಿಂತವರೊಬ್ಬರು ಫೋನಿನಲ್ಲಿ ತೆಗೆದ ವಿಡಿಯೊ. ವಿಎಲ್‌ಸಿಯಲ್ಲಿ ತೆರೆದು `E` ಕೀ ಒತ್ತುತ್ತಾ ಹೋದರೆ ಒಂದೊಂದೇ ಚೌಕಟ್ಟು ಮುಂದೆ ಹೋಗುತ್ತದೆ. ಹುಡುಗಿ ಒಂದೇ ಕ್ಷಣ ಬಂದು ಹೋಗುತ್ತಾಳೆ. ಅಕ್ಷರ ಒಂದೂ ಓದಲು ಬರುವುದಿಲ್ಲ, ಎಲ್ಲ ಮಸುಕು. ಆದರೆ ಎರಡು ಕಪ್ಪು ಪಟ್ಟಿ ಕಾಣುತ್ತವೆ, ಮೇಲೊಂದು, ಕೆಳಗೊಂದು. ಕೆಳಗಿನ ಪಟ್ಟಿ ರಟ್ಟಿನ ಬಲ ಅಂಚಿನವರೆಗೂ ಹೋಗಿದೆ. "ಮುಚ್ಚಿ" ಅಷ್ಟು ದೂರ ಹೋಗಲ್ಲ. ಓದಲಾಗದ ವಿಡಿಯೊ ಸುಮ್ನೆ ಅಂತ ಬಿಡಬೇಡಿ ಅನ್ನುವುದು ಇದಕ್ಕೇ.

ನಿಜವಾದ ಘಟನೆಯಲ್ಲಿ ಇಂಥ ಬೇರೆ ಫೋಟೊಗಳನ್ನು ಹುಡುಕುವುದೇ ಅರ್ಧ ಕೆಲಸ. ಇಲ್ಲಿ ಒಂದು ಗೊಂದಲ ಮಾಡಿಕೊಳ್ಳಬೇಡಿ. ಫೋಟೊ ಕೊಟ್ಟು ಹುಡುಕುವ ಟಿನ್‌ಐನಂಥ ಜಾಲತಾಣ ಹುಡುಕುವುದು ಅದೇ ಫೋಟೊದ ನಕಲುಗಳನ್ನು. ಅಲ್ಲಿ Oldest ಅಥವಾ Most changed ಅಂತ ಜೋಡಿಸಿ ನೋಡಿದರೆ ತಿದ್ದುವ ಮುಂಚಿನ ಪ್ರತಿ ಕೆಲವೊಮ್ಮೆ ಸಿಕ್ಕಿಬಿಡುತ್ತದೆ. ಅದೇ ಘಟನೆಯ ಬೇರೆ ಫೋಟೊ ಬೇಕಾದರೆ ಗೂಗಲ್ ಲೆನ್ಸ್ ಅಥವಾ ಯಾಂಡೆಕ್ಸ್ ವಾಸಿ. ಫಲಕವನ್ನು ಕತ್ತರಿಸಿ ಬಿಸಾಕಿ, ಉಳಿದದ್ದನ್ನು ಕೊಟ್ಟು ಹುಡುಕಿ. ತಿದ್ದಿರುವುದು ಫಲಕವನ್ನು, ಪಕ್ಕದವನ ಅಂಗಿಯನ್ನಲ್ಲವಲ್ಲ.

ಅದೇ ಫೋಟೊದ ಅಸಲಿ ಪ್ರತಿ ಸಿಕ್ಕಿದಾಗ ಕೆಲಸ ಎಷ್ಟು ಸಲೀಸು ಅನ್ನುವುದಕ್ಕೆ ಅಮೆರಿಕದ ಒಂದು ಪ್ರಸಂಗ ಇದೆ. 2017ರ ಜನವರಿ 21ರಂದು ವಾಷಿಂಗ್ಟನ್‌ನಲ್ಲಿ ಮಹಿಳೆಯರ ದೊಡ್ಡ ಮೆರವಣಿಗೆ ನಡೆಯಿತು. ಗೆಟ್ಟಿ ಸಂಸ್ಥೆಯ ಛಾಯಾಗ್ರಾಹಕ ಮಾರಿಯೊ ಟಾಮಾ ತೆಗೆದ ಫೋಟೊವನ್ನು ಅಲ್ಲಿನ ರಾಷ್ಟ್ರೀಯ ಪತ್ರಾಗಾರ ತನ್ನ ಪ್ರದರ್ಶನದ ಬಾಗಿಲಲ್ಲಿ ದೊಡ್ಡದಾಗಿ ಹಾಕಿತ್ತು. "ಗಾಡ್ ಹೇಟ್ಸ್ ಟ್ರಂಪ್" ಅಂತ ಇದ್ದ ಫಲಕದಲ್ಲಿ ಟ್ರಂಪ್ ಹೆಸರನ್ನು ಮಸುಕು ಮಾಡಿದ್ದರು. ಹೆಣ್ಣಿನ ಅಂಗಗಳ ಹೆಸರಿದ್ದ ಫಲಕಗಳನ್ನೂ ಮುಟ್ಟಿದ್ದರು. ಕಡಿಮೆ ಅಂದರೂ ನಾಲ್ಕು ಕಡೆ. 2020ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದನ್ನು ಬರೆಯಿತು. ಮಾರನೇ ದಿನವೇ ಪತ್ರಾಗಾರ ತಪ್ಪಾಯಿತು ಅಂತ ಹೇಳಿ ಆ ಫೋಟೊವನ್ನು ಅಲ್ಲಿಂದ ತೆಗೆದುಹಾಕಿತು. ಅಸಲಿ ಫೋಟೊ ಗೆಟ್ಟಿಯ ಹತ್ತಿರ ಇದ್ದೇ ಇತ್ತು. ಪಕ್ಕದಲ್ಲಿಟ್ಟು ನೋಡಿದರೆ ಸಾಕು, ಮೂಲೆ ಎಳೆಯುವ ಗೋಜೇ ಇಲ್ಲ. ನನಗೆ ಅದರಲ್ಲಿ ಕುತೂಹಲ ಅನಿಸಿದ್ದು ಬೇರೆ. ಅಲ್ಲಿ ಹೊಸ ಮಾತು ಯಾರೂ ಬರೆದಿರಲಿಲ್ಲ. ಬರೀ ಮಸುಕು ಮಾಡಿದ್ದರು. ಗುಂಪಿನ ಫೋಟೊದಲ್ಲಿ ಮಸುಕಾದ ಫಲಕ ನೂರಿರುತ್ತವೆ, ಕಣ್ಣು ದಾಟಿ ಹೋಗುತ್ತದೆ. ಆದರೆ ಫೋಕಸ್ ತಪ್ಪಿದರೆ ಇಡೀ ಫಲಕ ಮಸುಕಾಗಬೇಕು. ಒಂದೇ ಪದ ಮಸುಕಾಗುವುದು ಹೇಗೆ?

ಹಿಂದಿನ ಕಾಲದವರು ಇನ್ನೂ ಧೈರ್ಯವಂತರು. 1917ರ ಫೆಬ್ರವರಿ ಕ್ರಾಂತಿಯ ಪೆಟ್ರೊಗ್ರಾಡ್ ಫೋಟೊ ಒಂದಿದೆ. ಅಸಲಿ ಫೋಟೊದಲ್ಲಿ ಹಿಂದಿನ ಅಂಗಡಿಯ ಬೋರ್ಡಿನ ಮೇಲೆ ಗಡಿಯಾರ, ಚಿನ್ನ, ಬೆಳ್ಳಿ ಅಂತಿದೆ. ಅದೇ ಪೋಸ್ಟ್‌ಕಾರ್ಡ್ ಆಗಿ ಬಂದಾಗ ಆ ಬೋರ್ಡು "ಹೋರಾಟದಿಂದ ಹಕ್ಕು ಪಡೆಯಿರಿ" ಅನ್ನುವ ಅರ್ಥದ ಘೋಷಣೆಯಾಗಿತ್ತು. ಖಾಲಿ ಬಾವುಟದ ಮೇಲೆ ರಾಜಪ್ರಭುತ್ವ ತೊಲಗಲಿ ಅಂತ ಬಂದು ಕೂತಿತ್ತು. ಫಲಕದ ಜೊತೆಗೆ ಹಿಂದಿನ ಅಂಗಡಿಯ ಹೆಸರನ್ನೂ ಹೋಲಿಸಿ ಅಂತ ನಾನು ಹೇಳುವುದು ಈ ಪೋಸ್ಟ್‌ಕಾರ್ಡ್ ನೆನೆಸಿಕೊಂಡೇ.

ನಮ್ಮ ಗೆಳೆಯನ ವಿಷಯಕ್ಕೆ ಬರುತ್ತೇನೆ. ಮಾರನೇ ವಾರ ಅವನು ಇನ್ನೊಂದು ಫೋಟೊ ತಂದ. ಬಿಳಿ ಫಲಕ, ಮೇಲೆ ದಪ್ಪ ಕಪ್ಪು ಅಕ್ಷರ. ಆ ಫಲಕದ ಮುಖ ಬೇರೆ ಯಾವ ಫೋಟೊದಲ್ಲೂ ಇರಲಿಲ್ಲ, ಒಂದರಲ್ಲಿ ಬೆನ್ನು ಮಾತ್ರ ಕಾಣುತ್ತಿತ್ತು. ಹೋಲಿಸಲು ಏನೂ ಇಲ್ಲದ್ದರಿಂದ ನಾವು ಫೋಟೊ ಒಳಗೇ ಹುಡುಕಲು ಶುರು ಮಾಡಿದೆವು. ಒಬ್ಬರು ಎರರ್ ಲೆವೆಲ್ ಅನಾಲಿಸಿಸ್ ಓಡಿಸಿದರು. ಜೆಪೆಗ್ ಫೋಟೊವನ್ನು ಮತ್ತೆ ಉಳಿಸಿ, ಎಲ್ಲಿ ಎಷ್ಟು ಬದಲಾಯಿತು ಅಂತ ತೋರಿಸುವ ವಿಧಾನ ಅದು. ಅಕ್ಷರಗಳು ಫಳಫಳ ಹೊಳೆದವು. ಇನ್ನೊಬ್ಬರು ಅಕ್ಷರ ಜಾಸ್ತಿ ಕಪ್ಪಾಯಿತು ಅಂದರು. ನಾನು, ಎರಡನೇ ಸಾಲು ಅಂಚಿಗೆ ಸಮಾನಾಂತರ ಇಲ್ಲ ಅಂದೆ. ಐದು ಪುರಾವೆ ಪಟ್ಟಿ ಮಾಡಿ, ತಿದ್ದಿದ್ದು ಅಂತ ಬರೆದುಕೊಟ್ಟೆವು.

ಅವನು ಮನೆಯಿಂದ ಆ ಫಲಕವನ್ನೇ ತಂದಿದ್ದ. ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ. ಬಿಳಿ ಹಾಳೆ, ದಪ್ಪ ಕಪ್ಪು ಅಕ್ಷರ, ಎರಡನೇ ಸಾಲು ಸೊಟ್ಟ. ಫೋಟೊವನ್ನು ಅವನು ಮುಟ್ಟೇ ಇರಲಿಲ್ಲ. ಬಿಳಿಯ ಮೇಲೆ ಕಪ್ಪು ಅಂಚು ಎಲ್ಲಿದ್ದರೂ ಆ ವಿಧಾನದಲ್ಲಿ ಹೊಳೆಯುತ್ತದೆ, ತಿದ್ದಿದರೂ ಅಷ್ಟೇ, ತಿದ್ದದಿದ್ದರೂ ಅಷ್ಟೇ. ನಾವು ಬರೆದುಕೊಟ್ಟ ಹಾಳೆ ಇವತ್ತಿಗೂ ಅವನ ಹತ್ತಿರ ಇದೆ. ವಾಪಸ್ ಕೊಡು ಅಂದರೆ ಕೊಡುವುದಿಲ್ಲ.