ಒಂದು ತಿಂಗಳು ಹೊರಗೋಡೆ ಪೈಂಟಿಂಗ್: ಬಾಡಿಗೆದಾರರಿಗೆ ಕೊಡೋ ನೋಟಿಸ್‌ನಲ್ಲಿ ಏನಿರಬೇಕು?

ಎಲ್ರಿಗೂ ನಮಸ್ಕಾರ. ಮೆಟ್ಟಿಲ ಹತ್ರ ಅಂಟಿಸಿರೋ ಈ ಚೀಟಿ ನೋಡಿ. "ಮುಂದಿನ ಒಂದು ತಿಂಗಳು ಹೊರಗೋಡೆಗೆ ಪೈಂಟಿಂಗ್ ಕೆಲಸ ಇರುತ್ತದೆ. ಎಲ್ಲರೂ ಬಾಲ್ಕನಿ ಖಾಲಿ ಮಾಡಿ, ಶಬ್ದಕ್ಕೆ ಸಹಕರಿಸಬೇಕು." ಬೆಂಗಳೂರಿನ ಬಾಡಿಗೆ ಬಿಲ್ಡಿಂಗ್‌ಗಳಲ್ಲಿ ಸಾಮಾನ್ಯವಾಗಿ ಇಷ್ಟೇ ಬರೆದಿರ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ, ಆದ್ರೆ ಓದಿದವರಿಗೆ ಬೇಕಾಗಿದ್ದೂ ಇಲ್ಲ. ನನ್ನ ಬಾಲ್ಕನಿ ಯಾವತ್ತಿಂದ ಯಾವತ್ತಿನವರೆಗೆ ಖಾಲಿ ಇರಬೇಕು? ಗೋಡೆ ಕೊರೆಯೋ ಗ್ರೈಂಡರ್ ಸದ್ದು ಯಾವ ದಿನ, ಎಷ್ಟು ಹೊತ್ತು? ಇವೆರಡಕ್ಕೆ ಉತ್ತರ ಕೊಡ್ಬೇಕು ಅಂದ್ರೆ ಓನರ್ ಮೊದಲು ಮೇಸ್ತ್ರಿ ಜೊತೆ ಕೂತು ಗೋಡೆಗೊಂದು ವೇಳಾಪಟ್ಟಿ ಹಾಕಲೇಬೇಕು.

ಒಂದು ಬಿಲ್ಡಿಂಗ್ ಇಟ್ಕೊಂಡೇ ಲೆಕ್ಕ ಹಾಕೋಣ. 40-60 ಸೈಟು, ನೆಲಮಹಡಿ ಸೇರಿ ನಾಲ್ಕು ಮಹಡಿ, ಮಹಡಿಗೆ ಎರಡರಂತೆ ಎಂಟು ಮನೆ. ಮುಂದಿನ ನಾಲ್ಕು ಮನೆಗಳ ಬಾಲ್ಕನಿ ರಸ್ತೆ ಕಡೆಗೆ, ಪೂರ್ವಕ್ಕೆ. ಹಿಂದಿನ ನಾಲ್ಕರದ್ದು ಪಶ್ಚಿಮಕ್ಕೆ. ಎಲ್ಲರ ಯುಟಿಲಿಟಿನೂ ದಕ್ಷಿಣಕ್ಕೆ. ಉತ್ತರಕ್ಕೆ ಬರೀ ಬಚ್ಚಲುಮನೆ ವೆಂಟಿಲೇಟರ್‌ಗಳು. ಕಟ್ಟಡದ ಸುತ್ತಳತೆ 150 ಅಡಿ, ಎತ್ತರ 40 ಅಡಿ ಅಂದ್ರೆ 6,000 ಚದರಡಿ. ಕಿಟಕಿ ಬಾಗಿಲು ಕಳೆದು, ಸಜ್ಜಾ, ಪ್ಯಾರಾಪೆಟ್, ಬಾಲ್ಕನಿ ತಳ ಸೇರಿಸಿದ್ರೆ ಹೆಚ್ಚುಕಮ್ಮಿ ಅಷ್ಟೇ ಬರುತ್ತೆ. ಎಮಲ್ಷನ್ ಎರಡು ಕೋಟ್ ಹೊಡೆಯೋಕೆ ಲೀಟರ್‌ಗೆ 50 ಚದರಡಿ ಅಂತ ಹಿಡಿದ್ರೆ 120 ಲೀಟರ್, 20 ಲೀಟರ್‌ನ ಆರು ಬಕೆಟ್.

ಈಗ ಒಂದು ಗೋಡೆಗೆ ಎಷ್ಟು ದಿನ ಅಂತ ನೋಡಿ. ಸೋಮವಾರ ಸಾರ್ವೆ ಕಟ್ತಾರೆ. ಮಂಗಳವಾರ, ಬುಧವಾರ ಹಳೇ ಬಣ್ಣ ಕೆರೆಯೋದು, ತಂತಿ ಬ್ರಷ್ ಹಾಕೋದು, ಬಿರುಕುಗಳನ್ನ ಗ್ರೈಂಡರ್‌ನಿಂದ ವಿ ಆಕಾರಕ್ಕೆ ಅಗಲ ಮಾಡೋದು. ಹಾಗೆ ಮಾಡ್ದೇ ಮೇಲ್ಮೇಲೆ ಪುಟ್ಟಿ ಸವರಿದ್ರೆ ಅದಕ್ಕೆ ಹಿಡಿತ ಸಿಗಲ್ಲ, ಬಿರುಕು ಮತ್ತೆ ಅದೇ ಜಾಗದಲ್ಲಿ ಬಾಯಿ ಬಿಡುತ್ತೆ. ಗುರುವಾರ ಪ್ರೆಷರ್ ನೀರಿನಲ್ಲಿ ಪಾಚಿ, ಧೂಳು ತೊಳೆಯೋದು. ಶುಕ್ರವಾರ ಗೋಡೆ ಒಣಗಲು ಬಿಟ್ಟು, ಶನಿವಾರ ಬಿರುಕು ತುಂಬೋದು. ಭಾನುವಾರ ರಜೆ, ಗೋಡೆ ಅವತ್ತೂ ಒಣಗ್ತಾ ಇರುತ್ತೆ. ಮುಂದಿನ ಸೋಮವಾರ ಪ್ರೈಮರ್, ಮಂಗಳವಾರ ಮೊದಲ ಕೋಟ್, ಬುಧವಾರ ಎರಡನೇ ಕೋಟ್, ಗುರುವಾರ ಬಿಟ್ಟುಹೋದ ಜಾಗ ಸರಿಮಾಡಿ ಸಾರ್ವೆ ಬಿಚ್ಚೋದು. ಒಟ್ಟು 11 ದಿನ.

ಆ ಮಧ್ಯದ ಶುಕ್ರವಾರ ಬಾಡಿಗೆದಾರರಿಂದ ಫೋನ್ ಬಂದೇ ಬರುತ್ತೆ. "ಕೆಲಸದವ್ರು ಯಾರೂ ಬಂದೇ ಇಲ್ವಲ್ಲ ಸರ್, ಗಿಡ ವಾಪಸ್ ಇಟ್ಕೊಳ್ಳಾ?" ಅಂತ. ಬೇಡ. ಅವತ್ತು ಗೋಡೆ ಒಣಗೋದೇ ಕೆಲಸ. ಒದ್ದೆ ಗೋಡೆ ಮೇಲೆ ಬಣ್ಣ ಹೊಡೆದ್ರೆ ಒಳಗಿನ ನೀರು ಆವಿಯಾಗಿ ಹೊರಗೆ ಬರೋಕೆ ನೋಡುತ್ತೆ, ಬಣ್ಣದ ಪದರ ಗುಳ್ಳೆ ಎದ್ದು ಆಮೇಲೆ ಹಪ್ಪಳದ ಹಾಗೆ ಕಿತ್ತು ಬರುತ್ತೆ. ಒಣಗಿದೆಯಾ ಅಂತ ನೋಡೋಕೆ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನ ಸಂಜೆ ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಬೆಳಗ್ಗೆ ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡ್ರೆ, ಅಥವಾ ಆ ಜಾಗದ ಗಾರೆ ಕಪ್ಪಾಗಿದ್ರೆ, ಪ್ರೈಮರ್ ಇನ್ನೊಂದು ದಿನ ಮುಂದಕ್ಕೆ. ಹಾಗಾಗಿ ನೋಟಿಸ್‌ನಲ್ಲಿ "ಶುಕ್ರವಾರ ಕೆಲಸದವರು ಬರುವುದಿಲ್ಲ, ಆದರೂ ಬಾಲ್ಕನಿ ಖಾಲಿಯೇ ಇರಲಿ" ಅಂತ ಒಂದು ಸಾಲು ಹಾಕಿ.

ಇಲ್ಲಿ ಓನರ್ ಒಂದು ತೀರ್ಮಾನ ಮಾಡ್ಬೇಕು. ನಾಲ್ಕೂ ಗೋಡೆಗೆ ಒಟ್ಟಿಗೆ ಸಾರ್ವೆ ಕಟ್ಟಿಸಿದ್ರೆ ಗ್ರೈಂಡರ್ ಸದ್ದು ಮೊದಲ ಎಂಟು ಹತ್ತು ದಿನಕ್ಕೇ ಮುಗಿಯುತ್ತೆ, ಆದ್ರೆ ಎಂಟೂ ಮನೆಯವರ ಬಾಲ್ಕನಿ ತಿಂಗಳಿಡೀ ಹೋಯ್ತು. ಸಾರ್ವೆ ಬಾಡಿಗೆನೂ ಜಾಸ್ತಿ. ಗೋಡೆ ಗೋಡೆಯಾಗಿ ಮಾಡಿದ್ರೆ ಸದ್ದು ನಾಲ್ಕೂ ವಾರಕ್ಕೆ ಹಂಚಿಹೋಗುತ್ತೆ, ಆದ್ರೆ ಒಂದೊಂದು ಮನೆ ಬಾಲ್ಕನಿಗೆ 11 ದಿನ ಸಾಕು. ನನ್ನ ಮಾತು ಎರಡನೆಯದಕ್ಕೇ. ಬಟ್ಟೆ ಒಣಗಿಸೋಕೆ ಬಾಲ್ಕನಿ ಬಿಟ್ರೆ ಬೇರೆ ಜಾಗವೇ ಇಲ್ಲದ ಮನೆಗಳು ಇವು.

ಪ್ರತಿ ಸೋಮವಾರ ಒಂದು ಹೊಸ ಗೋಡೆ ಶುರು. ಮೊದಲನೆಯದಕ್ಕೆ ಬಣ್ಣ ಹೊಡೀತಾ ಇರುವಾಗ ಇನ್ನೊಂದು ತಂಡ ಎರಡನೆಯದನ್ನ ಕೆರೀತಾ ಇರುತ್ತೆ. ಈ ಎರಡು ಗೋಡೆ ಒಂದು ಮೂಲೆಯಲ್ಲಿ ಸೇರುತ್ತಲ್ಲ, ಅಲ್ಲಿ ಮೇಲಿಂದ ಕೆಳಗೆ ಟಾರ್ಪಾಲು ಇಳಿಬಿಡಲೇಬೇಕು, ಇಲ್ದಿದ್ರೆ ಕೆರೆದ ಧೂಳೆಲ್ಲ ಹಸಿ ಬಣ್ಣಕ್ಕೆ ಅಂಟುತ್ತೆ. ಉತ್ತರದಿಂದ ಶುರು ಮಾಡೋದು ಒಳ್ಳೇದು, ಆ ಕಡೆ ಬಾಲ್ಕನಿ ಇಲ್ಲ, ಹಾಗಾಗಿ ಉಳಿದವರಿಗೆ ಸಾಮಾನು ತೆಗೆಯೋಕೆ ಇನ್ನೊಂದು ವಾರ ಸಿಗುತ್ತೆ. ಆಮೇಲೆ ಪೂರ್ವ, ದಕ್ಷಿಣ, ಪಶ್ಚಿಮ. ಕೊನೇ ಗೋಡೆ ಶುರುವಾಗೋದು 22ನೇ ದಿನ, ಮುಗಿಯೋದು 32ನೇ ದಿನ. ಮಧ್ಯೆ ಒಂದು ರಜೆ, ಒಂದು ಮಳೆ ಬಂದ್ರೆ ಐದು ವಾರ. ಅದಕ್ಕೇ "ಒಂದು ತಿಂಗಳು" ಅಂತ ಬರೆಯೋ ಬದಲು "ಐದು ವಾರ" ಅಂತ ಬರೀರಿ. ಗ್ರೈಂಡರ್ ಸದ್ದು ಇರೋದು ನಾಲ್ಕು ಮಂಗಳವಾರ, ನಾಲ್ಕು ಬುಧವಾರ, ಎಂಟೇ ದಿನ. ಹತ್ತರಿಂದ ಒಂದು, ಎರಡೂವರೆಯಿಂದ ಐದು. ಸದ್ದು ಕಂಬ, ತಾರಸಿಗಳ ಮೂಲಕ ಸಾಗೋದ್ರಿಂದ ಪಶ್ಚಿಮದಲ್ಲಿ ಕೊರೆದ್ರೂ ಪೂರ್ವದ ಮನೆಗೆ ಕೇಳುತ್ತೆ, ಆದ್ರಿಂದ ಈ ಎಂಟು ದಿನದ ಪಟ್ಟಿ ಎಲ್ಲಾ ಮನೆಗೂ ಹೋಗ್ಲಿ. ಮನೆಯಿಂದ ಕೆಲಸ ಮಾಡೋರು ಆ ದಿನಗಳಿಗೆ ಆಫೀಸಿಗೆ ಹೋಗ್ತಾರೆ, ರಾತ್ರಿ ಪಾಳಿಯವರು ನಿದ್ದೆಗೆ ಬೇರೆ ದಾರಿ ನೋಡ್ಕೋತಾರೆ.

ಯಾವ ತಿಂಗಳು ಅನ್ನೋದನ್ನ ಬೇಗ ಹೇಳಿಬಿಡ್ತೀನಿ. ಬೆಂಗಳೂರಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಬೇಡವೇ ಬೇಡ, ಮಳೆ ಜೋರು. ಮೇ ತಿಂಗಳ ಸಂಜೆ ಮಳೆನೂ ಹೊಸ ಬಣ್ಣ ತೊಳೆದುಬಿಡುತ್ತೆ. ಜನವರಿ, ಫೆಬ್ರವರಿ ಚೆನ್ನಾಗಿರುತ್ತೆ. ಸಂಕ್ರಾಂತಿಗೆ ಕೆಲಸದವ್ರು ಊರಿಗೆ ಹೋಗ್ತಾರೆ, ಅದನ್ನ ಲೆಕ್ಕಕ್ಕೆ ತಗೊಳ್ಳಿ. ಮಾರ್ಚ್‌ಗೆ ಎಳೆದ್ರೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಪರೀಕ್ಷೆ ಮೇಲೆ ಗ್ರೈಂಡರ್ ಹೋಗಿ ಕೂರುತ್ತೆ. ಬೇಸಿಗೆಗೆ ನೀರಿನ ತೊಂದರೆ ಬೇರೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯೋ ನೀರನ್ನ ಕಟ್ಟಡ ಕೆಲಸ, ವಾಹನ ತೊಳೆಯೋದು ಇವಕ್ಕೆಲ್ಲ ಬಳಸಬಾರದು ಅಂತ 5,000 ರೂಪಾಯಿ ದಂಡ ಇಟ್ಟಿತ್ತು. ಗೋಡೆ ತೊಳೆಯೋಕೆ ಕಾವೇರಿ ನೀರು ಮುಟ್ಟಬೇಡಿ, ಬೋರ್‌ವೆಲ್ ನೀರು ಸಾಕು. ತೊಳೆಯೋ ದಿನ ಸಂಪಿನ ಮುಚ್ಚಳದ ಸುತ್ತ ಪ್ಲಾಸ್ಟಿಕ್ ಹೊದಿಸಿ, ಇಲ್ಲಾಂದ್ರೆ ಪಾಚಿ ನೀರು ಒಳಗೆ ಇಳಿಯುತ್ತೆ.

ಬಾಲ್ಕನಿಗೆ ಬರೋಣ. "ಖಾಲಿ ಮಾಡಿ" ಅಂದ್ರೆ ಜನ ಕುಂಡ, ಚಪ್ಪಲಿ ಸ್ಟ್ಯಾಂಡ್ ತೆಗೀತಾರೆ, ವಾಷಿಂಗ್ ಮೆಷಿನ್ ಅಲ್ಲೇ ಬಿಡ್ತಾರೆ. ಅದರ ಹಿಂದೆ ಬ್ರಷ್ ಹೋಗಲ್ಲ. ಎರಡು ತಿಂಗಳಾದ್ಮೇಲೆ ಆ ಜಾಗಕ್ಕೆ ಬಣ್ಣ ಹೊಡೆದ್ರೆ ಚೌಕಾಕಾರದ ಕಲೆ ಎದ್ದು ಕಾಣುತ್ತೆ, ಯಾಕಂದ್ರೆ ನೀರು ಬೆರೆಸೋ ಪ್ರಮಾಣ ಒಂಚೂರು ಬದಲಾದ್ರೂ ಅದೇ ಬಕೆಟ್‌ನ ಬಣ್ಣ ಬೇರೆ ಥರ ಕಾಣುತ್ತೆ. ನಲ್ಲಿ ಬಂದ್ ಮಾಡಿ ಪೈಪ್ ಬಿಚ್ಚಿ ಮೆಷಿನ್ ಒಳಗೆ ತಗೊಳ್ಳೋಕೆ ಓನರ್ ಕಡೆಯಿಂದ ಒಬ್ಬ ಪ್ಲಂಬರ್‌ನ ಅರ್ಧ ದಿನ ಕಳಿಸಿ. ಪಾರಿವಾಳದ ಬಲೆ ಬಿಚ್ಚಲೇಬೇಕು. ಅದನ್ನ ವಾಪಸ್ ಕಟ್ಟಿಸೋ ಖರ್ಚು ಯಾರದ್ದು ಅಂತ ನೋಟಿಸ್‌ನಲ್ಲೇ ಬರೀರಿ. ಕೆಲಸ ಓನರ್‌ದಾದ್ಮೇಲೆ ಖರ್ಚೂ ಅವರದ್ದೇ ಆಗಬೇಕು. ತುಳಸಿ ಕುಂಡ, ಗಿಡಗಳಿಗೆ ತಾರಸಿ ಮೇಲೆ ನೆರಳಿರೋ ಕಡೆ ಮನೆ ನಂಬರ್ ಬರೆದು ಜಾಗ ಗುರುತು ಹಾಕಿ. ಮೆಟ್ಟಿಲ ಮೇಲಂತೂ ಏನೂ ಇಡಬಾರದು, ಬೆಂಕಿ ಬಿದ್ರೆ ಇಳಿಯೋಕೆ ಇರೋದು ಅದೊಂದೇ ದಾರಿ. ಎ.ಸಿ. ಹೊರಘಟಕ ಬಿಚ್ಚೋದು ಬೇಡ, ಪ್ಲಾಸ್ಟಿಕ್ ಸುತ್ತಿ. ಸುತ್ತಿರುವಾಗ ಎ.ಸಿ. ಹಾಕಿದ್ರೆ ಬಿಸಿಗಾಳಿ ಹೊರಗೆ ಹೋಗದೆ ಕಂಪ್ರೆಸರ್ ಕೆಡುತ್ತೆ, ಸಂಜೆ ಪ್ಲಾಸ್ಟಿಕ್ ತೆಗೆದ ಮೇಲೆ ಹಾಕಿ.

ಈಗ ಹೇಳೋದನ್ನ ದಯವಿಟ್ಟು ಗಮನ ಇಟ್ಟು ಕೇಳಿ. ಪೈಂಟರ್‌ಗಳು ಕಿಟಕಿ, ವೆಂಟಿಲೇಟರ್‌ಗೆಲ್ಲ ಪ್ಲಾಸ್ಟಿಕ್ ಅಂಟಿಸ್ತಾರೆ. ಒಳಗೆ ಬಚ್ಚಲುಮನೆಯಲ್ಲೋ ಯುಟಿಲಿಟಿಯಲ್ಲೋ ಗ್ಯಾಸ್ ಗೀಸರ್ ಇದ್ರೆ ಗಾಳಿಯಾಡೋ ದಾರಿ ಮುಚ್ಚಿಹೋಯ್ತು. ಆಗ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಸ್ನಾನಕ್ಕೆ ಹೋದವರು ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪಬಹುದು. ನಮ್ಮ ಲೆಕ್ಕದಲ್ಲಿ ಬಚ್ಚಲುಮನೆ ವೆಂಟಿಲೇಟರ್‌ಗಳು ಇರೋದು ಮೊದಲ ವಾರ ಶುರುವಾಗೋ ಉತ್ತರ ಗೋಡೆಯಲ್ಲಿ. ಬಾಲ್ಕನಿ ಇಲ್ಲ ಅಂತ ಎಲ್ರೂ ಹಗುರವಾಗಿ ನೋಡೋ ಗೋಡೆ ಅದೇ. ಗ್ಯಾಸ್ ಗೀಸರ್ ಯಾರ್ಯಾರ ಮನೇಲಿದೆ ಅಂತ ಮೊದಲೇ ಕೇಳಿ ಬರ್ಕೊಳ್ಳಿ. ವೆಂಟಿಲೇಟರ್ ಮುಚ್ಚಿರೋ ಹೊತ್ತಲ್ಲಿ ಗೀಸರ್ ಹಚ್ಚಬಾರದು, ಪ್ರತಿ ಸಂಜೆ ಆರಕ್ಕೆ ಪ್ಲಾಸ್ಟಿಕ್ ತೆಗೆಸಬೇಕು, ತೆಗೆದಿದ್ದಾರಾ ಅಂತ ಓನರ್ ಕಡೆಯವ್ರು ಒಬ್ಬರು ಸುತ್ತು ಹಾಕಿ ನೋಡಬೇಕು.

ಇಷ್ಟೆಲ್ಲ ಸೇರಿಸಿ ಎರಡನೇ ಮಹಡಿ ಮುಂದಿನ ಮನೆಗೆ ಹೋಗೋ ನೋಟಿಸ್ ಹೇಗಿರುತ್ತೆ ಅಂತ ಓದ್ತೀನಿ. ಕೆಲಸಕ್ಕೆ 15 ದಿನ ಮುಂಚೆ ಕೊಡಿ, ವಾಟ್ಸ್ಆ್ಯಪ್‌ನಲ್ಲೂ ಹಾಕಿ, ಕನ್ನಡ ಓದಲು ಬಾರದ ಮನೆಗೆ ಅವರ ಭಾಷೆಯಲ್ಲೂ ಕೊಡಿ.

"ಮಾನ್ಯರೇ, ಕಟ್ಟಡದ ಹೊರಗೋಡೆ ಕೆಲಸ ಐದು ವಾರ ನಡೆಯಲಿದೆ. ನಿಮ್ಮ ಬಾಲ್ಕನಿ ಎರಡನೇ ವಾರದ ಸೋಮವಾರ ಬೆಳಗ್ಗೆ 8ರಿಂದ ಮೂರನೇ ವಾರದ ಗುರುವಾರ ಸಂಜೆವರೆಗೆ, ಯುಟಿಲಿಟಿ ಮೂರನೇ ವಾರದ ಸೋಮವಾರದಿಂದ ನಾಲ್ಕನೇ ವಾರದ ಗುರುವಾರದವರೆಗೆ ಪೂರ್ತಿ ಖಾಲಿ ಇರಬೇಕು. ಶುಕ್ರವಾರ ಕೆಲಸದವರು ಬರುವುದಿಲ್ಲ, ಆದರೂ ಖಾಲಿಯೇ ಇರಲಿ. ವಾಷಿಂಗ್ ಮೆಷಿನ್ ಬಿಚ್ಚಲು ಹಿಂದಿನ ಶನಿವಾರ ಪ್ಲಂಬರ್ ಬರುತ್ತಾರೆ. ಬಟ್ಟೆ ಒಣಗಿಸಲು ತಾರಸಿಯಲ್ಲಿ ನಿಮ್ಮ ಮನೆಗೆ ಎರಡು ಹಗ್ಗ ಕಟ್ಟಿಸಿದ್ದೇವೆ. ಪಾರಿವಾಳದ ಬಲೆಯನ್ನು ನಮ್ಮ ಖರ್ಚಿನಲ್ಲಿ ಬಿಚ್ಚಿಸಿ, ಮತ್ತೆ ಕಟ್ಟಿಸುತ್ತೇವೆ. ಗ್ರೈಂಡರ್ ಶಬ್ದ ಮೊದಲ ನಾಲ್ಕು ವಾರದ ಮಂಗಳವಾರ, ಬುಧವಾರ ಮಾತ್ರ, 10ರಿಂದ 1, ಮತ್ತೆ 2.30ರಿಂದ 5. ಸಾರ್ವೆ ಇರುವವರೆಗೆ ರಾತ್ರಿ ಹೊತ್ತು, ಮನೆ ಬಿಟ್ಟು ಹೊರಟಾಗ ಕಿಟಕಿಗಳಿಗೆ ಚಿಲಕ ಹಾಕಿ, ಸಾರ್ವೆ ಹತ್ತಿ ಯಾರು ಬೇಕಾದರೂ ಬರಬಹುದು. ಹಗಲು ಪರದೆ ಎಳೆದಿಡಿ. ವೆಂಟಿಲೇಟರ್‌ಗೆ ಪ್ಲಾಸ್ಟಿಕ್ ಇರುವಾಗ ಗ್ಯಾಸ್ ಗೀಸರ್ ಹಚ್ಚಲೇಬೇಡಿ. ಮಳೆ ಬಂದು ದಿನಾಂಕ ಬದಲಾದರೆ ಹಿಂದಿನ ಸಂಜೆ 7ರೊಳಗೆ ತಿಳಿಸುತ್ತೇವೆ. ಸಾರ್ವೆ ಬಿಚ್ಚುವ ಮುನ್ನ, ಬುಧವಾರ ಸಂಜೆ, ನಿಮ್ಮ ಬಾಲ್ಕನಿಯಲ್ಲಿ ನಿಂತು ಒಮ್ಮೆ ನೋಡಿ. ಬಿಟ್ಟುಹೋದ ಜಾಗ ಕಂಡರೆ ಆಗಲೇ ಮೇಸ್ತ್ರಿಗೆ ತೋರಿಸಿ. ಸಾರ್ವೆ ಬಿಚ್ಚಿದ ಮೇಲೆ ಅಲ್ಲಿಗೆ ಕೈ ಎಟುಕುವುದಿಲ್ಲ."